ಮೂರು ದಿನವೂ ಹತ್ತೇ ಆರ್ಡರ್

ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ಸಂದಿಯಲ್ಲಿ ನಮ್ಮ ದೊಡ್ಡಮ್ಮನ ಅಂಗಡಿ ಇದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ, ಕಡಕ್ ಸಜ್ಜೆ ರೊಟ್ಟಿ, ಚಳ್ಳಕೆರೆ ಕಡೆಯಿಂದ ತರಿಸುವ ಗಾಣದ ಎಣ್ಣೆ. ಅಂಗಡಿಗೆ ಬಂದು ಕೊಳ್ಳುವವರು ಇದ್ದೇ ಇದ್ದಾರೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರಿಗೂ ಕಳಿಸೋಣ ಅಂತ ನಾನು ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಹಗಲು ನನಗೆ ಬೇರೆ ಕೆಲಸ. ರಾತ್ರಿ ಊಟ ಆದ ಮೇಲೆ ಅಂಗಡಿಯ ವಿಡಿಯೋ, ಪೋಸ್ಟು, ಲೆಕ್ಕ ನೋಡುತ್ತೇನೆ.

ಒಂದು ದಿನ ದೊಡ್ಡಮ್ಮ ಕೇಳಿದರು: "ಏನಪ್ಪಾ, ನೀನು ವಾರಕ್ಕೆ ಎರಡು ವಿಡಿಯೋ ಹಾಕ್ತೀಯ, ನಾನು ದಿನಾ ಸ್ಟೇಟಸ್ ಇಡ್ತೀನಿ. ಇದರಲ್ಲಿ ಯಾವುದನ್ನ ನೋಡಿ ಜನ ತಗೊಳ್ತಾರೆ ಅಂತ ಗೊತ್ತಾಗುತ್ತಾ?"

ಗೊತ್ತು ಮಾಡೋಣ ಅಂದೆ. ಆ ಮಾತಿಗೆ ಈಗ ಒಂದೂವರೆ ವರ್ಷ ಆಯಿತು.

ನಾನು ಮಾಡಿದ ಏರ್ಪಾಡು ಸರಳ. ಪ್ರತಿ ಪೋಸ್ಟಿಗೂ ಒಂದು ಗುರುತು. ಇನ್‌ಸ್ಟಾಗ್ರಾಂ ರೀಲ್ ಆದರೆ `r07`, ವಾಟ್ಸ್‌ಆ್ಯಪ್ ಸ್ಟೇಟಸ್ ಆದರೆ `s08`, ಹೀಗೆ. ಆ ಗುರುತನ್ನು ಎರಡು ದಾರಿಯಲ್ಲಿ ಗ್ರಾಹಕರ ಕೈಗೆ ಕೊಡುತ್ತೇನೆ. ಒಂದು, ಲಿಂಕಿನ ಬಾಲಕ್ಕೆ ಕಟ್ಟಿ:

```
https://example.com/chutney/?utm_source=whatsapp&utm_medium=status&utm_content=s08
```

ಇನ್ನೊಂದು, ಇಪ್ಪತ್ತು ರೂಪಾಯಿ ಕಡಿಮೆ ಮಾಡುವ ಕೂಪನ್ ಕೋಡ್ ಆಗಿ. ನಮ್ಮ ಸೈಟು ನಡೆಯುವುದು ವೂಕಾಮರ್ಸ್ ಅನ್ನುವ ಆನ್‌ಲೈನ್ ಅಂಗಡಿ ಸಾಫ್ಟ್‌ವೇರ್ ಮೇಲೆ. ಯಾರಾದರೂ ಆ ಲಿಂಕ್ ಒತ್ತಿ ಬಂದು ಆರ್ಡರ್ ಮಾಡಿದರೆ, ಲಿಂಕಿನ ಬಾಲದಲ್ಲಿದ್ದ ಗುರುತನ್ನು ಅದು ಆರ್ಡರಿನ ಜೊತೆಗೇ ಬರೆದಿಡುತ್ತದೆ. ಯಾವ ಕೂಪನ್ ಹಾಕಿದರು ಅನ್ನುವುದೂ ಆರ್ಡರಿನಲ್ಲೇ ಇರುತ್ತದೆ. ಗೂಗಲ್ ಶೀಟಿಗೆ ಒಂದು ಸಣ್ಣ ಸ್ಕ್ರಿಪ್ಟ್ ಕಟ್ಟಿ, ದಿನಾ ಬೆಳಗ್ಗೆ 5ರಿಂದ 6ರೊಳಗೆ ಓಡುವ ಹಾಗೆ ಟ್ರಿಗರ್ ಇಟ್ಟೆ. ಹಿಂದಿನ ದಿನದ ಆರ್ಡರುಗಳನ್ನು ಅದು ತಂದು ಒಂದೊಂದು ಸಾಲಿನಲ್ಲಿ ಸುರಿಯುತ್ತದೆ: ಆರ್ಡರ್ ನಂಬರು, ತಾರೀಖು, ಕೋಡ್ ಯಾವ ಪೋಸ್ಟಿನದು, ಲಿಂಕ್ ಯಾವ ಪೋಸ್ಟಿನದು, ಮೊತ್ತ.

ಕೋಡಿನ ಹೆಸರಿನಲ್ಲೇ ಮೊದಲು ಎಡವಿದೆ. ಚೆಂದ ಕಾಣಲಿ ಅಂತ `SHENGA20` ಅಂತ ಇಟ್ಟಿದ್ದೆ. ಶೇಂಗಾ ಅನ್ನುವುದನ್ನು ನಮ್ಮ ಜನ ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯುತ್ತಾರೆ ಅಂತ ಯೋಚಿಸಿರಲಿಲ್ಲ. ರೀಲ್‌ನಲ್ಲಿ ಕಿವಿಯಿಂದ ಕೇಳಿದವರು `SENGA20` ಹೊಡೆದರು, `SHEGA20` ಹೊಡೆದರು. ಕೋಡ್ ಇಲ್ಲ ಅಂತ ಬಂತು. ಅವರು ಕೋಡ್ ಬಿಟ್ಟು ಆರ್ಡರ್ ಮಾಡಿದರು. ಶೀಟಿನಲ್ಲಿ ಅವರು ಯಾವ ಪೋಸ್ಟಿಗೂ ಸೇರಲಿಲ್ಲ. ದೊಡ್ಡಮ್ಮನಿಗೆ ಒಬ್ಬರು ಫೋನ್ ಮಾಡಿ, "ಅಮ್ಮಾ, ನೀವು ಹೇಳಿದ ನಂಬರ್ ಹಾಕಿದ್ರೆ ತಗೊಳ್ತಾ ಇಲ್ಲ" ಅಂದಾಗಲೇ ನನಗೆ ಗೊತ್ತಾಗಿದ್ದು. ಅಂದಿನಿಂದ `DVG` ಮತ್ತು ಎರಡು ಅಂಕಿ, ಅಷ್ಟೇ. ಡಿವಿಜಿ ಅಂದರೆ ದಾವಣಗೆರೆ ಅಂತ ಈ ಕಡೆಯವರಿಗೆಲ್ಲ ಗೊತ್ತು. ಅದನ್ನು ತಪ್ಪಾಗಿ ಬರೆಯೋದು ಕಷ್ಟ. ಫೋನಿನಲ್ಲಿ ಹೇಳುವುದಕ್ಕೂ ಸುಲಭ.

ಇದು ಸಣ್ಣ ತಪ್ಪು. ದೊಡ್ಡದು ದೀಪಾವಳಿಯಲ್ಲಿ ಆಯಿತು.

ಮಾಮೂಲಿ ದಿನಗಳಲ್ಲಿ ನಮಗೆ ಸೈಟಿನಿಂದ ಬರುವುದು ಐದೋ ಆರೋ ಆರ್ಡರ್. ದೀಪಾವಳಿಯ ಹಿಂದಿನ ವಾರ ಜಾಸ್ತಿ ಆಯಿತು. ನಾನು ಶೀಟು ನೋಡಿದೆ. ರೀಲಿನ ಸಾಲುಗಳೇ ತುಂಬಿದ್ದವು, ಸ್ಟೇಟಸ್ಸಿನದು ಒಂದೋ ಎರಡೋ. ನಾಲ್ಕು ದಿನ ಹಾಗೇ ಇತ್ತು. ದೊಡ್ಡಮ್ಮನಿಗೆ ಹೇಳಿದೆ: "ಸ್ಟೇಟಸ್‌ನಿಂದ ಏನೂ ಬರ್ತಾ ಇಲ್ಲ ದೊಡ್ಡಮ್ಮ. ಬೆಳಗ್ಗೆ ನೀವು ಅಷ್ಟು ಹೊತ್ತು ಕೂತು ಬರೆಯೋದು ಬೇಡ." ಅವರು ದಿನಾ 9 ಗಂಟೆಗೆ, ಇವತ್ತು ಏನು ಕುಟ್ಟಿದ್ದೇವೆ, ಏನು ಹುರಿದಿದ್ದೇವೆ ಅಂತ ನಾಲ್ಕು ಸಾಲು ಬರೆದು ಲಿಂಕ್ ಇಡುತ್ತಿದ್ದರು. ನಿಲ್ಲಿಸಿದರು.

ಮೂರನೇ ದಿನ ಹರಿಹರದ ಹಳೇ ಗ್ರಾಹಕರೊಬ್ಬರು ಫೋನ್ ಮಾಡಿದರು. "ಏನಮ್ಮಾ, ಹುಷಾರಿದೀರಾ? ಸ್ಟೇಟಸ್ಸೇ ಕಾಣ್ತಿಲ್ಲ. ಅಂಗಡಿ ಏನಾದ್ರೂ ಮುಚ್ಚಿದ್ರಾ?"

ಅವತ್ತು ರಾತ್ರಿ ಶೀಟನ್ನು ದೊಡ್ಡಮ್ಮನ ಮುಂದೆ ಇಟ್ಟುಕೊಂಡೇ ಕೂತೆ. ಅವರು ಕನ್ನಡಕ ಹಾಕಿಕೊಂಡು ಬೆರಳಿನಿಂದ ಸಾಲು ಎಣಿಸಿದರು. ಹೋದ ವಾರದ ಸೋಮವಾರ ಹತ್ತು. ಮಂಗಳವಾರ ಹತ್ತು. ಬುಧವಾರ ಹತ್ತು. "ಮೂರು ದಿನವೂ ಹತ್ತೇನಾ? ಮಂಗಳವಾರ ನಾನೇ ಇಪ್ಪತ್ಮೂರು ಡಬ್ಬಿ ಕಟ್ಟಿದೀನಲ್ಲಪ್ಪಾ" ಅಂದರು.

ಕಾರಣ ಹುಡುಕಲು ಐದು ನಿಮಿಷ ಸಾಕಾಯಿತು. ವೂಕಾಮರ್ಸ್‌ನಿಂದ ಆರ್ಡರ್ ಕೇಳುವಾಗ, ಒಂದು ಸಲಕ್ಕೆ ಎಷ್ಟು ಬೇಕು ಅಂತ ನಾವು ಹೇಳದಿದ್ದರೆ ಅದು ಹತ್ತು ಮಾತ್ರ ಕೊಡುತ್ತದೆ. ಹೆಚ್ಚೆಂದರೆ ನೂರು ಕೇಳಬಹುದು. ಅದಕ್ಕೂ ಮೇಲಿದ್ದರೆ ಎರಡನೇ ಪುಟ, ಮೂರನೇ ಪುಟ ಅಂತ ಕೇಳಬೇಕು. ಅವರ ಕೈಪಿಡಿಯಲ್ಲಿ ಇದು ಸ್ಪಷ್ಟವಾಗೇ ಇದೆ. ನಾನು ಓದಿರಲಿಲ್ಲ. ದಿನಕ್ಕೆ ಆರು ಆರ್ಡರ್ ಬರುವ ಅಂಗಡಿಯಲ್ಲಿ ಈ ತಪ್ಪು ವರ್ಷಗಟ್ಟಲೆ ಕಾಣದೇ ಇರಬಹುದು. ಸ್ಕ್ರಿಪ್ಟ್ ಎಲ್ಲೂ ನಿಲ್ಲಲಿಲ್ಲ, ತಪ್ಪಾಗಿದೆ ಅಂತ ಮೇಲ್ ಬರಲಿಲ್ಲ. ಕೇಳಿದ್ದನ್ನು ಅದು ಸರಿಯಾಗೇ ತಂದಿತ್ತು.

ಹದಿಮೂರು ಆರ್ಡರ್ ಲೆಕ್ಕಕ್ಕೆ ಸಿಗದಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಆ ಹದಿಮೂರು ಯಾವುವು ಅಂತ ನೋಡಿದಾಗ ನನಗೆ ನಿಜಕ್ಕೂ ಬೇಸರ ಆಯಿತು. ಹೊಸ ಆರ್ಡರ್ ಮೊದಲು, ಹಳೆಯದು ಆಮೇಲೆ, ಇದು ಆ ಪಟ್ಟಿಯ ಕ್ರಮ. ಬೆಳಗ್ಗೆ ಐದಕ್ಕೆ ಸ್ಕ್ರಿಪ್ಟ್ ಕೇಳಿದಾಗ ಸಿಕ್ಕಿದ್ದು ಹಿಂದಿನ ದಿನದ ಕೊನೆಯ ಹತ್ತು, ಅಂದರೆ ಸಂಜೆಯ ಆರ್ಡರುಗಳು. ನಾನು ರೀಲ್ ಹಾಕುವುದು ಸಂಜೆ 7ಕ್ಕೆ. ದೊಡ್ಡಮ್ಮನ ಸ್ಟೇಟಸ್ ಬೆಳಗ್ಗೆ 9ಕ್ಕೆ, ಅದನ್ನು ನೋಡಿದವರು ಊಟದ ಹೊತ್ತಿನೊಳಗೆ ಆರ್ಡರ್ ಮಾಡಿಬಿಡುತ್ತಾರೆ. ಕಳೆದುಹೋದ ಹದಿಮೂರರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೆಳಗಿನವು. ಅಷ್ಟು ದಿನವೂ ಶೀಟು ನನ್ನ ರೀಲಿನ ಪರವಾಗಿ ಮಾತಾಡಿತ್ತು. ಅದನ್ನು ನಂಬಿ ನಾನು ದೊಡ್ಡಮ್ಮನ ಸ್ಟೇಟಸ್ ನಿಲ್ಲಿಸಿದ್ದೆ.

ಸರಿ ಮಾಡಿದ್ದು ಇಷ್ಟು:

```
function getOrders(after) {
  let all = [], page = 1, batch;
  do {
    const url = BASE + '/wp-json/wc/v3/orders?per_page=100'
      + '&page=' + page + '&after=' + after;
    batch = JSON.parse(UrlFetchApp.fetch(url, OPTS).getContentText());
    all = all.concat(batch);
    page++;
  } while (batch.length === 100);
  return all;
}
```

ನೂರು ಬಂದರೆ ಇನ್ನೂ ಇರಬಹುದು, ಮುಂದಿನ ಪುಟ ಕೇಳು. ನೂರಕ್ಕಿಂತ ಕಡಿಮೆ ಬಂದರೆ ಮುಗಿಯಿತು. ಇದರ ಜೊತೆಗೆ ಭಾನುವಾರ ಒಂದು ಕೆಲಸ ಇಟ್ಟುಕೊಂಡಿದ್ದೇನೆ. ಸೈಟಿನ ಆರ್ಡರ್ ಪುಟದಲ್ಲಿ ವಾರದ ಎಣಿಕೆ ನೋಡಿ, ಶೀಟಿನ ಸಾಲುಗಳ ಎಣಿಕೆಗೆ ತಾಳೆ ಹಾಕುತ್ತೇನೆ. ಎರಡು ನಿಮಿಷದ ಕೆಲಸ. ಎರಡೂ ಒಂದೇ ಬಾರದಿದ್ದರೆ ಯಾವ ಪೋಸ್ಟು ಎಷ್ಟು ಮಾರಿತು ಅನ್ನುವ ಮಾತನ್ನೇ ಎತ್ತುವುದಿಲ್ಲ.

ದೊಡ್ಡಮ್ಮ ಮತ್ತೆ ಸ್ಟೇಟಸ್ ಶುರು ಮಾಡಿದರು. ಸಂಕ್ರಾಂತಿ ಬಂತು. ನಮ್ಮ ಕಡೆ ಸಂಕ್ರಾಂತಿ ಅಂದರೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇರಲೇಬೇಕು. ಆ ಹದಿನೈದು ದಿನ ಬೇರೆ ಯಾವ ಪೋಸ್ಟನ್ನೂ ಹಾಕದೆ ಎರಡನ್ನೇ ಓಡಿಸಿದೆವು. ಶೇಂಗಾ ಹುರಿಯುವ ರೀಲ್ `r07`, ಕೋಡ್ `DVG07`. ದೊಡ್ಡಮ್ಮನ ಸ್ಟೇಟಸ್ `s08`, ಕೋಡ್ `DVG08`. ಒಟ್ಟು 64 ಆರ್ಡರ್ ಬಂದವು. ಈ ಸಲ ಎಣಿಕೆ ತಾಳೆ ಆಯಿತು.

ಈಗ ನೋಡಿ. ಬರೀ ಲಿಂಕ್ ನೋಡಿದರೆ ಸ್ಟೇಟಸ್ಸಿಗೆ 21, ರೀಲಿಗೆ 4. ಬರೀ ಕೋಡ್ ನೋಡಿದರೆ ರೀಲಿಗೆ 25, ಸ್ಟೇಟಸ್ಸಿಗೆ 11. ಒಂದೇ ಅಂಗಡಿ, ಅದೇ ಹದಿನೈದು ದಿನ, ಎರಡು ತದ್ವಿರುದ್ಧ ಉತ್ತರ. ಯಾರಾದರೂ ಎರಡರಲ್ಲಿ ಒಂದನ್ನೇ ಇಟ್ಟುಕೊಂಡಿದ್ದರೆ ಅದನ್ನೇ ಸತ್ಯ ಅಂದುಕೊಳ್ಳುತ್ತಿದ್ದರು ಅಲ್ವಾ?

ಎರಡೂ ಸುಳ್ಳಲ್ಲ. ಇನ್‌ಸ್ಟಾಗ್ರಾಂನಲ್ಲಿ ರೀಲಿನ ಕೆಳಗೆ ಲಿಂಕ್ ಬರೆದರೆ ಅದು ಒತ್ತಲು ಬರುವುದಿಲ್ಲ. ಬಯೋದಲ್ಲಿ ಇಡಬೇಕು, ಇಲ್ಲವೇ ಸ್ಟೋರಿಗೆ ಲಿಂಕ್ ಸ್ಟಿಕ್ಕರ್ ಅಂಟಿಸಬೇಕು. ಅಷ್ಟು ಮಾಡಿದರೂ ಅದು ತೆರೆಯುವುದು ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರಿನಲ್ಲಿ. ಅಲ್ಲಿ ನೋಡಿ ಇಟ್ಟು, ರಾತ್ರಿ ಮನೆಯವರ ಜೊತೆ ಮಾತಾಡಿ, ಕ್ರೋಮ್‌ನಲ್ಲಿ ಹುಡುಕಿ ಆರ್ಡರ್ ಮಾಡಿದರೆ ಲಿಂಕಿನ ಗುರುತು ಜೊತೆಗೆ ಬರುವುದಿಲ್ಲ. ಕೋಡ್ ಬರುತ್ತದೆ, ಯಾಕಂದರೆ ಅದು ತಲೆಯಲ್ಲಿರುತ್ತದೆ. ಸ್ಟೇಟಸ್ಸಿನ ಕಥೆ ಉಲ್ಟಾ. ಅಲ್ಲಿ ಲಿಂಕ್ ಬೆರಳಿಗೇ ಸಿಗುತ್ತದೆ. ಒತ್ತಿದರೆ ಅಂಗಡಿ. ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಳ್ಳುವ ಹಳೇ ಗ್ರಾಹಕರಿಗೆ ಇಪ್ಪತ್ತು ರೂಪಾಯಿಗಾಗಿ ಕೋಡ್ ಹೊಡೆಯುವ ತಾಳ್ಮೆ ಇಲ್ಲ.

ಹಾಗಾಗಿ 64ನ್ನೂ ಸಾಲು ಸಾಲಾಗಿ ಬಿಡಿಸಿದೆ. ಕೋಡೂ ಲಿಂಕೂ ಒಂದೇ ಪೋಸ್ಟನ್ನು ತೋರಿಸಿದ್ದು 11. ಕೋಡ್ ಮಾತ್ರ ಇದ್ದದ್ದು 19. ಲಿಂಕ್ ಮಾತ್ರ ಇದ್ದದ್ದು 8. ಎರಡೂ ಇದ್ದು ಒಂದಕ್ಕೊಂದು ಹೊಂದದೇ ಇದ್ದದ್ದು 6. ಎರಡೂ ಇಲ್ಲದ್ದು 20.

ಆ ಆರರ ಮೇಲೆ ನಾನು ಬಹಳ ಹೊತ್ತು ಕೂತೆ. ಆರಕ್ಕೆ ಆರೂ ಒಂದೇ ಥರ. ಕೋಡ್ ರೀಲಿನದು, ಲಿಂಕ್ ಸ್ಟೇಟಸ್ಸಿನದು. ಅದರಲ್ಲಿ ಒಬ್ಬರು ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತು. ಫೋನ್ ಮಾಡಿ ಕೇಳಿದೆವು. "ನಮ್ಮ ಮೊಮ್ಮಗಳು ಅದರಲ್ಲಿ ಶೇಂಗಾ ಹುರಿಯೋದು ತೋರಿಸಿದ್ಲು. ಡಿವಿಜಿ ಏಳು ಅಂತ ಬರೆದಿಟ್ಕೊಂಡಿದ್ದೆ. ಬೆಳಗ್ಗೆ ನಿಮ್ಮ ಸ್ಟೇಟಸ್ ಬಂತಲ್ಲ, ಅದರಾಗೆ ಒತ್ತಿದೆ" ಅಂದರು. ಆಸೆ ಹುಟ್ಟಿದ್ದು ರೀಲ್ ನೋಡಿದಾಗ. ಸ್ಟೇಟಸ್ ಬಾಗಿಲು ತೋರಿಸಿತು.

ಇಂಥ ಕಡೆ ಒಂದು ನಿಯಮ ಬೇಕು, ಅದನ್ನು ಅಂಕಿ ನೋಡುವ ಮೊದಲೇ ಬರೆದಿಡಬೇಕು. ನೋಡಿದ ಮೇಲೆ ಬರೆದರೆ ನಮಗೆ ಇಷ್ಟವಾದ ಪೋಸ್ಟಿನ ಕಡೆಗೇ ಕೈ ವಾಲುತ್ತದೆ. ನನ್ನ ನಿಯಮ, ಒಂದು ಆರ್ಡರಿಗೆ ಒಂದೇ ಪೋಸ್ಟು, ಜಗಳ ಬಂದರೆ ಕೋಡ್ ಗೆಲ್ಲುತ್ತದೆ. ಕೋಡ್ ಅಂದರೆ ಒಬ್ಬ ಮನುಷ್ಯ ನೆನಪಿಟ್ಟುಕೊಂಡು ಕೈಯಾರೆ ಹೊಡೆದದ್ದು. ಲಿಂಕ್ ಹೇಳುವುದು ಕೊನೆಗೆ ಎಲ್ಲಿಂದ ಒಳಗೆ ಬಂದರು ಅನ್ನುವುದನ್ನು ಮಾತ್ರ. ಬೇರೆಯವರು ಲಿಂಕಿಗೆ ಮೊದಲ ಸ್ಥಾನ ಕೊಡಬಹುದು, ಅದೂ ಒಂದು ನಿಯಮವೇ. ಆದರೆ ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಅಂತ ಬದಲಿಸಬಾರದು. ಶೀಟಿನಲ್ಲಿ C ಕಾಲಂ ಕೋಡಿನ ಪೋಸ್ಟು, D ಕಾಲಂ ಲಿಂಕಿನ ಪೋಸ್ಟು:

```
=IF(C2<>"", C2, IF(D2<>"", D2, "ಗೊತ್ತಿಲ್ಲ"))
```

ಈ ನಿಯಮದಲ್ಲಿ ರೀಲಿಗೆ 26 ಬಂತು, ಸ್ಟೇಟಸ್ಸಿಗೆ 18. ಉಳಿದ 20 "ಗೊತ್ತಿಲ್ಲ". ಆ 20ನ್ನು 26ಕ್ಕೂ 18ಕ್ಕೂ ಅದೇ ಪ್ರಮಾಣದಲ್ಲಿ ಹಂಚಿಬಿಡು, ಲೆಕ್ಕ ಚೊಕ್ಕ ಆಗುತ್ತದೆ ಅಂತ ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ಗುರುತಿಲ್ಲದೆ ಬಂದವರು ಗುರುತು ಹಿಡಿದು ಬಂದವರ ಹಾಗೇ ಇರುತ್ತಾರೆ ಅನ್ನಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಫೆಬ್ರವರಿ ಮೊದಲ ವಾರ ಕೊರಿಯರಿನಿಂದ ನಾಲ್ಕು ಪಾರ್ಸೆಲ್ ವಾಪಸ್ ಬಂದವು. ನಾಲ್ಕೂ ಕ್ಯಾಶ್ ಆನ್ ಡೆಲಿವರಿ, ನಾಲ್ಕೂ `DVG07`. ಮನೆ ಬಾಗಿಲಿಗೆ ಹೋದಾಗ ತಗೊಂಡಿಲ್ಲ. ದೊಡ್ಡಮ್ಮ ಸೈಟಿನಲ್ಲಿ ಅವನ್ನು ರದ್ದು ಅಂತ ಬದಲಿಸಿದರು. ಶೀಟಿನಲ್ಲಿ ಮಾತ್ರ ಅವು ಮಾರಾಟವಾಗಿಯೇ ಕೂತಿದ್ದವು, ಯಾಕಂದರೆ ಸ್ಕ್ರಿಪ್ಟ್ ಪ್ರತಿ ಆರ್ಡರನ್ನು ಹುಟ್ಟಿದ ಮರುದಿನ ಒಂದೇ ಸಲ ನೋಡುತ್ತಿತ್ತು. ಈಗ ದಿನಾ ಬೆಳಗ್ಗೆ ಹಿಂದಿನ 30 ದಿನದ ಆರ್ಡರುಗಳನ್ನೆಲ್ಲ ಮತ್ತೆ ಓದಿಸುತ್ತೇನೆ. ಆರ್ಡರ್ ನಂಬರು ಶೀಟಿನಲ್ಲಿ ಮೊದಲೇ ಇದ್ದರೆ ಅದೇ ಸಾಲನ್ನು ತಿದ್ದು, ಇಲ್ಲದಿದ್ದರೆ ಮಾತ್ರ ಹೊಸ ಸಾಲು ಸೇರಿಸು. ಹೀಗೆ ಮಾಡದೆ ಸುಮ್ನೆ ಕೆಳಗೆ ಸೇರಿಸುತ್ತಾ ಹೋದರೆ ಒಂದೇ ಆರ್ಡರ್ ಮೂವತ್ತು ಸಲ ಎಣಿಕೆಯಾಗುತ್ತದೆ. ಟ್ರಿಗರ್ ತಪ್ಪಿ ಎರಡು ಸಲ ಓಡಿದರೂ ಈಗ ಲೆಕ್ಕ ಕೆಡುವುದಿಲ್ಲ.

ರೀಲಿನ 26 ಹೀಗೆ 22ಕ್ಕೆ ಇಳಿಯಿತು. ಆ 22ರ ಮೊತ್ತ 5,720 ರೂಪಾಯಿ. ಸ್ಟೇಟಸ್ಸಿನ 18ರ ಮೊತ್ತ 10,440. ರೀಲ್ ನೋಡಿದವರು ಒಂದು ಸಣ್ಣ ಪೊಟ್ಟಣ ತಗೊಂಡು ರುಚಿ ನೋಡುತ್ತಾರೆ. ಸ್ಟೇಟಸ್ ನೋಡಿದವರು ಪುಡಿ, ರೊಟ್ಟಿ, ಎಣ್ಣೆ ಎಲ್ಲ ತಗೊಳ್ಳುತ್ತಾರೆ.

ಹಾಗಾದರೆ ರೀಲ್ ಬೇಡವಾ? ಹಾಗೆ ಅನ್ನುವ ಮೊದಲು ಫೋನ್ ನಂಬರುಗಳನ್ನು ಹಳೇ ಆರ್ಡರುಗಳ ಜೊತೆ ಹೋಲಿಸಿದೆ. ರೀಲಿನ 22ರಲ್ಲಿ 15 ಹೊಸ ನಂಬರು. ಸ್ಟೇಟಸ್ಸಿನ 18ರಲ್ಲಿ ಎರಡೇ ಹೊಸದು. ಯೋಚಿಸಿದರೆ ಇದು ಹೀಗೇ ಆಗಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್ ಕಾಣಬೇಕಾದರೆ ಅವರ ನಂಬರು ನಮ್ಮಲ್ಲಿ, ನಮ್ಮ ನಂಬರು ಅವರಲ್ಲಿ ಸೇವ್ ಆಗಿರಬೇಕು. ಅಂದರೆ ಸ್ಟೇಟಸ್ ಹೊಸಬರಿಗೆ ನೇರವಾಗಿ ತಲುಪುವುದಿಲ್ಲ. ಆ ಇಬ್ಬರು ಹೊಸಬರು ಯಾರೋ ತಮ್ಮ ಮನೆ ಗ್ರೂಪಿಗೆ ಲಿಂಕ್ ಕಳಿಸಿದ್ದರಿಂದ ಬಂದವರು. ಲಿಂಕನ್ನು ಕಳಿಸಿದಾಗ ಬಾಲದ ಗುರುತೂ ಜೊತೆಗೇ ಹೋಗುತ್ತದೆ.

ಮಾರ್ಚ್ ಕೊನೆಗೆ ಆ 15 ಹೊಸಬರಲ್ಲಿ ಆರು ಜನ ಮತ್ತೆ ಆರ್ಡರ್ ಮಾಡಿದರು. ದೊಡ್ಡಮ್ಮ ಪ್ರತಿ ಡಬ್ಬಿಯಲ್ಲಿ ಒಂದು ಚೀಟಿ ಇಡುತ್ತಾರೆ, ನಮ್ಮ ನಂಬರ್ ಸೇವ್ ಮಾಡ್ಕೊಂಡು ಒಂದು ಮೆಸೇಜ್ ಹಾಕಿ ಅಂತ. ಹಾಕಿದವರ ನಂಬರನ್ನು ಅವರೂ ಸೇವ್ ಮಾಡಿಕೊಳ್ಳುತ್ತಾರೆ. ಹಾಗಾಗಿ ಆ ಆರೂ ಜನ ಎರಡನೇ ಸಲ ಬಂದದ್ದು ಸ್ಟೇಟಸ್ಸಿನ ಲಿಂಕಿನಿಂದ. ನನ್ನ ಶೀಟು ಆ ಆರು ಆರ್ಡರನ್ನೂ ಸ್ಟೇಟಸ್ಸಿಗೆ ಬರೆಯಿತು. ನಿಯಮದ ಪ್ರಕಾರ ಸರಿ. ಆದರೆ ಜನವರಿಯ ರೀಲ್ ಇಲ್ಲದಿದ್ದರೆ ಆ ಆರು ಜನಕ್ಕೆ ನಮ್ಮ ಅಂಗಡಿ ಇದೆ ಅಂತಲೇ ಗೊತ್ತಿರುತ್ತಿರಲಿಲ್ಲ.

ಅದಕ್ಕೆ ಇನ್ನೊಂದು ಹಾಳೆ ಸೇರಿಸಿದೆ. ಒಂದು ಫೋನ್ ನಂಬರಿಗೆ ಒಂದು ಸಾಲು, ಅದರ ಮುಂದೆ "ಮೊದಲ ಪೋಸ್ಟು". ಒಮ್ಮೆ ಬರೆದರೆ ಸ್ಕ್ರಿಪ್ಟ್ ಅದನ್ನು ಮತ್ತೆ ಮುಟ್ಟುವುದಿಲ್ಲ. ಈ ಹಾಳೆಯನ್ನು ದೊಡ್ಡಮ್ಮ ಮತ್ತು ನಾನು ಬಿಟ್ಟರೆ ಬೇರೆ ಯಾರಿಗೂ ತೆರೆದಿಟ್ಟಿಲ್ಲ, ಜನರ ನಂಬರು ಇರುವ ಹಾಳೆ ಅದು. ಈಗ ಯಾವುದೇ ಪೋಸ್ಟಿನ ಬಗ್ಗೆ ಎರಡು ಪ್ರಶ್ನೆ ಕೇಳಬಹುದು: ಈ ತಿಂಗಳು ಎಷ್ಟು ಮಾರಿತು, ಮತ್ತು ಅದರಿಂದ ಮೊದಲ ಸಲ ಬಂದವರು ಇಲ್ಲಿಯವರೆಗೆ ಒಟ್ಟು ಎಷ್ಟು ಕೊಂಡರು. `r07`ಗೆ ಮೊದಲ ಉತ್ತರ 5,720 ಅಂತ ನಿಂತುಬಿಟ್ಟಿದೆ. ಎರಡನೆಯದು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಏರುತ್ತಿದೆ.

"ಗೊತ್ತಿಲ್ಲ" ಅನ್ನುವ 20ಕ್ಕೆ ದೊಡ್ಡಮ್ಮನದೇ ಒಂದು ದಾರಿ ಇದೆ. ಆರ್ಡರ್ ಖಾತ್ರಿ ಮಾಡಲು ಹೇಗೂ ಫೋನ್ ಮಾಡುತ್ತಾರಲ್ಲ, ಆಗಲೇ "ನಮ್ಮದು ಎಲ್ಲಿ ನೋಡಿದ್ರಿ?" ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ರಾತ್ರಿ ನಾನು ಅದನ್ನು ಶೀಟಿನ ಬೇರೆ ಕಾಲಂಗೆ ಏರಿಸುತ್ತೇನೆ, ಕೋಡು ಲಿಂಕಿನ ಜೊತೆ ಬೆರೆಸುವುದಿಲ್ಲ. ಸಂಕ್ರಾಂತಿಯ 20ರಲ್ಲಿ ಹೀಗೆ ಮೂವರದು ಗೊತ್ತಾಯಿತು. ಇಬ್ಬರು ರೀಲ್ ನೋಡಿ ಕೋಡ್ ಮರೆತವರು. ಮೂರನೆಯವರು ಯಾವ ಪೋಸ್ಟನ್ನೂ ನೋಡಿಲ್ಲ. ಪುಣೆಯಲ್ಲಿ ಅವರ ಪಕ್ಕದ ಮನೆಗೆ ನಮ್ಮ ಡಬ್ಬಿ ಬಂದಿತ್ತಂತೆ. ಮುಚ್ಚಳ ತೆಗೆದಾಗ ವಾಸನೆ ಇವರ ಅಡುಗೆಮನೆವರೆಗೂ ಬಂತಂತೆ.